ಉರು ಹೊಡೆದ ಮಾತು ಮುಗಿದ ಮೇಲೆ ಏನು ಕೇಳಬೇಕು? ಸ್ಪೋಕನ್ ಇಂಗ್ಲಿಷ್ ತರಗತಿಯೊಂದರ ಪ್ರಕರಣ ಅಧ್ಯಯನ

ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಉದ್ದಕ್ಕೂ ನಡೆದ ಪ್ರಕರಣವಿದು. ಕಾಲೇಜನ್ನಾಗಲಿ ವ್ಯಕ್ತಿಗಳನ್ನಾಗಲಿ ಯಾರೂ ಗುರುತಿಸಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂಗ್ಲಿಷಿನಲ್ಲಿ ವಿಷಯ ಮಂಡಿಸಿದ ವಿದ್ಯಾರ್ಥಿಗೆ ಪೂರ್ವಸಿದ್ಧತೆಯಿಲ್ಲದ ಪ್ರಶ್ನೆಗಳನ್ನು ಹೇಗೆ ಕೇಳಬೇಕು, ಬಂದ ಉತ್ತರಕ್ಕೆ ಹೇಗೆ ಅಂಕ ಕೊಡಬೇಕು ಎಂಬ ತೊಡಕು ನಮ್ಮ ಎಷ್ಟೋ ಕಾಲೇಜುಗಳಲ್ಲಿದೆ. ಅಲ್ಲಿ ಪಾಠ ಮಾಡುವವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ತರಗತಿಯಲ್ಲಿ ಮೂವತ್ತಾರು ವಿದ್ಯಾರ್ಥಿಗಳಿದ್ದರು. ಬಿ.ಎ. ಮತ್ತು ಬಿ.ಕಾಂ. ಎರಡನೆಯ ವರ್ಷದವರು. ಬಹುಪಾಲು ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಸ್ಪೋಕನ್ ಇಂಗ್ಲಿಷ್ ಪತ್ರಿಕೆಯ ಆಂತರಿಕ ಮೌಲ್ಯಮಾಪನಕ್ಕೆ ಇಪ್ಪತ್ತು ಅಂಕಗಳ ಒಂದು ಮಂಡನೆ ಇತ್ತು: ಐದು ನಿಮಿಷ ಮಾತು, ಕೊನೆಗೆ ಎರಡು ಪ್ರಶ್ನೆ. ಕೋಣೆಯಲ್ಲಿ ಇಬ್ಬರು ಪರೀಕ್ಷಕರು ಕುಳಿತು, ಎಲ್ಲವನ್ನೂ ಒಟ್ಟಾಗಿ ಅಳೆದು ಒಂದೇ ಅಂಕ ಕೊಡುತ್ತಿದ್ದರು. ಒಬ್ಬರು ಇಲಾಖೆಯ ಹಿರಿಯ ಉಪನ್ಯಾಸಕರು, ಇನ್ನೊಬ್ಬರು ಅತಿಥಿ ಉಪನ್ಯಾಸಕಿ. ಇನ್ನೊಂದು ವಿಭಾಗಕ್ಕೆ ಪಾಠ ಮಾಡುತ್ತಿದ್ದ ನಾನು ಆ ಸೆಮಿಸ್ಟರ್‌ನ ಎಲ್ಲ ಸುತ್ತುಗಳಲ್ಲೂ ಅವರ ಜೊತೆ ಕುಳಿತು ಟಿಪ್ಪಣಿ ಮಾಡಿಕೊಂಡೆ.

ಎರಡು ಪ್ರಶ್ನೆಗಳನ್ನು ಹತ್ತು ಹನ್ನೆರಡು ಪ್ರಶ್ನೆಗಳ ಒಂದು ಪಟ್ಟಿಯಿಂದ ಆರಿಸುವ ರೂಢಿ ವರ್ಷಗಳಿಂದ ನಡೆದುಬಂದಿತ್ತು. ಈ ವಿಷಯವನ್ನು ಏಕೆ ಆರಿಸಿಕೊಂಡಿರಿ, ಇದರ ಲಾಭ ಮತ್ತು ಹಾನಿ ಏನು, ಕೇಳುಗರಿಗೆ ನಿಮ್ಮ ಸಂದೇಶವೇನು, ಹೀಗೆ. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಆ ಪಟ್ಟಿ ಸಾಗಿಬರುತ್ತಿತ್ತು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಉತ್ತರಗಳ ಸಮೇತ ಸಿಗುತ್ತಿತ್ತು. ಹೀಗಾಗಿ ಜಾಗತಿಕ ತಾಪಮಾನ, ಮಹಿಳಾ ಸಬಲೀಕರಣ, ಮೊಬೈಲ್ ಫೋನಿನ ದುಷ್ಪರಿಣಾಮ ಎಂದು ಮೂರು ಬೇರೆ ಬೇರೆ ವಿಷಯ ಮಂಡಿಸಿದ ಮೂವರು ಕೊನೆಯ ಪ್ರಶ್ನೆಗೆ ಒಂದೇ ವಾಕ್ಯವನ್ನು ಅಕ್ಷರ ತಪ್ಪದೆ ಒಪ್ಪಿಸಿದ್ದೂ ಉಂಟು.

ಸಮಸ್ಯೆ ಎಲ್ಲಿತ್ತು

ಬಾಯಿಪಾಠವನ್ನು ಗುರುತಿಸುವುದು ಕಷ್ಟವಲ್ಲ. ಮಾತಿನ ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರುತ್ತದೆ. ಅರ್ಥ ಮುಗಿದಲ್ಲಿ ನಿಲ್ಲಬೇಕಾದವರು ಹಾಳೆಯಲ್ಲಿ ಸಾಲು ಮುಗಿದಲ್ಲಿ ನಿಲ್ಲುತ್ತಾರೆ. ನಡುವೆ ಬಾಗಿಲು ಸದ್ದು ಮಾಡಿದರೆ ತಪ್ಪಿದಲ್ಲಿಂದ ಮುಂದುವರಿಯಲಾಗದೆ ವಾಕ್ಯವನ್ನು ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ‘ಮೋರ್‌ಓವರ್’, ‘ಇನ್ ಎ ನಟ್‌ಶೆಲ್’ ಎಂಬ ಬರಹದ ಮಾತುಗಳು ಬರುತ್ತವೆ, ಆದರೆ ಪಕ್ಕದ ಸಾಮಾನ್ಯ ಪದವೊಂದರ ಉಚ್ಚಾರ ತಿಳಿದಿರುವುದಿಲ್ಲ; ಆ ಪದವನ್ನು ಅವರು ಓದಿದ್ದಾರೆ, ಎಂದೂ ಕೇಳಿಲ್ಲ. ಎಲ್ಲಕ್ಕಿಂತ ಖಚಿತವಾದ ಗುರುತು ಉತ್ತರದಲ್ಲಿರುತ್ತದೆ: ಪ್ರಶ್ನೆಯಲ್ಲಿದ್ದ ಮುಖ್ಯ ಪದವನ್ನು ಉತ್ತರ ಮುಟ್ಟುವುದೇ ಇಲ್ಲ.

ಗುರುತಿಸುವುದು ಸುಲಭವಾದರೂ ಅಂಕಗಳಲ್ಲಿ ಅದು ಕಾಣುತ್ತಿರಲಿಲ್ಲ. ಹೆಚ್ಚಿನವರಿಗೆ ಹದಿನಾಲ್ಕರಿಂದ ಹದಿನೇಳರ ನಡುವೆ ಅಂಕ ಬರುತ್ತಿತ್ತು. ಉದ್ಯೋಗ ಸಂದರ್ಶನದ ಅಭ್ಯಾಸಕ್ಕೆಂದು ಹೊರಗಿನವರನ್ನು ಕರೆಸಿದಾಗ, ಹದಿನೇಳು ಪಡೆದಿದ್ದವರು ‘ಕಾಲೇಜಿಗೆ ಹೇಗೆ ಬರುತ್ತೀರಿ, ದಾರಿಯಲ್ಲಿ ಏನು ನೋಡುತ್ತೀರಿ’ ಎಂಬ ಪ್ರಶ್ನೆಗೆ ಬಾಯಿ ತೆರೆಯದೆ ನಿಂತರು. ಆ ಮಧ್ಯಾಹ್ನವೇ ಹಿರಿಯ ಉಪನ್ಯಾಸಕರು ಪಟ್ಟಿಯನ್ನು ಕೈಬಿಡುವ ತೀರ್ಮಾನಕ್ಕೆ ಬಂದರು.

ಮೊದಲ ಪ್ರಯತ್ನ: ಪಟ್ಟಿ ಬಿಟ್ಟು ಮನಬಂದಂತೆ ಕೇಳಿದ್ದು

ಸೆಮಿಸ್ಟರ್‌ನ ಮೊದಲ ಸುತ್ತಿನಲ್ಲಿ ಪಟ್ಟಿ ಇರಲಿಲ್ಲ. ಮಾತು ಕೇಳಿ ಹೊಳೆದದ್ದನ್ನು ಕೇಳುವುದೆಂದು ಇಬ್ಬರೂ ಒಪ್ಪಿಕೊಂಡಿದ್ದರು. ಆ ಸುತ್ತಿನ ಇಬ್ಬರು ವಿದ್ಯಾರ್ಥಿಗಳನ್ನು ವಿವರವಾಗಿ ನೋಡಬೇಕು, ಮುಂದಿನ ಬದಲಾವಣೆಗಳೆಲ್ಲ ಅವರಿಂದಲೇ ಹುಟ್ಟಿದವು.

ಒಬ್ಬ ಪ್ಲಾಸ್ಟಿಕ್ ಮಾಲಿನ್ಯದ ಬಗ್ಗೆ ಮಾತನಾಡಿದ. ಧ್ವನಿ ದೊಡ್ಡದು, ನಿಲುವು ನೆಟ್ಟಗೆ, ಎಲ್ಲಿಯೂ ತಡವರಿಕೆಯಿಲ್ಲ. ಮಾತು ಮುಗಿದಾಗ ತರಗತಿ ಚಪ್ಪಾಳೆ ತಟ್ಟಿತು. ಹಿರಿಯರು ಕೇಳಿದರು: ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು, ಕೇಂದ್ರ ಸರ್ಕಾರವೂ 2022ರ ಜುಲೈನಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಷೇಧಿಸಿತು, ಹಾಗಿದ್ದರೂ ಜಾರಿ ಏಕೆ ಸೋತಿದೆ? ಹುಡುಗನಿಗೆ ಆ ನಿಷೇಧಗಳ ಸುದ್ದಿಯೇ ಗೊತ್ತಿರಲಿಲ್ಲ. ಒಂದು ಕ್ಷಣ ತಡೆದು, ತನ್ನ ಭಾಷಣದ ಕೊನೆಯ ಮೂರು ವಾಕ್ಯಗಳನ್ನು ಮತ್ತೊಮ್ಮೆ ಹೇಳಿ ಕುಳಿತ.

ಇನ್ನೊಬ್ಬಳು ತನ್ನೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಬಗ್ಗೆ ಮಾತನಾಡಿದಳು. ಮನೆಯಲ್ಲಿ ಎರಡು ಹಸು, ಬೆಳಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವವಳು ಅವಳೇ. ಇಂಗ್ಲಿಷ್ ಒಡೆದೊಡೆದು ಬರುತ್ತಿತ್ತು. ತಂದೆಯಿಂದ ಶುರುವಾದ ಮಾತು ಹಸುವಿಗೆ ಹೋಗಿ, ಅಲ್ಲಿಂದ ಸಂಘಕ್ಕೆ, ಮತ್ತೆ ತಂದೆಗೆ ಬಂದು, ಕೊನೆಗೆ ಹಸುವಿನಲ್ಲೇ ನಿಂತಿತು. ಅವಳಿಗೆ ಹಿರಿಯರು ಕೇಳಿದ್ದು, ಹಾಲಿನ ವಲಯದ ಖಾಸಗೀಕರಣ ಸಣ್ಣ ಹಿಡುವಳಿದಾರರ ಆರ್ಥಿಕ ಸುಸ್ಥಿರತೆಯ ಮೇಲೆ ಯಾವ ಪರಿಣಾಮ ಬೀರಬಹುದು ಮತ್ತು ಸರ್ಕಾರ ಅದನ್ನು ಹೇಗೆ ತಡೆಯಬೇಕು ಎಂಬ ಪ್ರಶ್ನೆ. ಅವಳು ಸುಮ್ಮನಾದಳು. ಅವರು ಅದೇ ಪ್ರಶ್ನೆಯನ್ನು ಅವೇ ಪದಗಳಲ್ಲಿ ಇನ್ನಷ್ಟು ಗಟ್ಟಿಯಾಗಿ ಕೇಳಿದರು. ಅವಳು ತಲೆ ತಗ್ಗಿಸಿದಳು.

ಆಗ ಅತಿಥಿ ಉಪನ್ಯಾಸಕಿ, ‘ಸರ್, ನಾನೊಂದು ಕೇಳಲೇ?’ ಎಂದು ಅನುಮತಿ ಪಡೆದು ಹೀಗೆ ಕೇಳಿದರು: ‘ಎ ಪ್ರೈವೇಟ್ ಡೇರಿ ಗಿವ್ಸ್ ಟೂ ರುಪೀಸ್ ಮೋರ್. ವಿಲ್ ಯುವರ್ ಫಾದರ್ ಗೋ ದೇರ್?’ ಕೇಳಿ ಸುಮ್ಮನೆ ಕಾದರು. ಹುಡುಗಿ ತಲೆ ಎತ್ತಿದಳು. ಇಲ್ಲ ಎಂದಳು. ಏಕೆಂದು ಯಾರೂ ಕೇಳದಿದ್ದರೂ ತಾನೇ ಮುಂದುವರಿಸಿದಳು: ಖಾಸಗಿಯವರು ಹಾಲು ಕಡಿಮೆ ಇರುವ ತಿಂಗಳಲ್ಲಿ ಬರುತ್ತಾರೆ, ಹಾಲು ಹೆಚ್ಚಾದಾಗ ಬರುವುದಿಲ್ಲ. ಸಂಘ ಎಲ್ಲ ದಿನವೂ ತೆಗೆದುಕೊಳ್ಳುತ್ತದೆ, ಪಶು ಆಹಾರವನ್ನೂ ಕೊಡುತ್ತದೆ. ‘ಟೂ ರುಪೀಸ್ ಟುಡೇ ಓನ್ಲಿ, ಮೇಡಂ. ಸೊಸೈಟಿ ಎವ್ರಿ ಡೇ.’ ವ್ಯಾಕರಣ ಸರಿಯಿರಲಿಲ್ಲ. ಆದರೆ ಖಾಸಗೀಕರಣದ ಪ್ರಶ್ನೆಗೆ ಬೇಕಿದ್ದ ಉತ್ತರ ಅದರಲ್ಲಿ ಪೂರ್ತಿಯಾಗಿ ಇತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಿರುವು ಇದು. ವಿಷಯ ಒಂದೇ, ಎರಡು ಪ್ರಶ್ನೆಗಳೂ ಬಯಸಿದ ಯೋಚನೆ ಒಂದೇ. ಮೊದಲನೆಯದಕ್ಕೆ ಅವಳು ಸೋತಿದ್ದು ಮಾತಿನಲ್ಲಲ್ಲ, ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವಲ್ಲಿ. ಮಾತನಾಡುವ ಸಾಮರ್ಥ್ಯ ಅಳೆಯುತ್ತೇವೆಂದು ಕುಳಿತವರು ಒಬ್ಬಳ ಪದಸಂಪತ್ತನ್ನೂ, ಇನ್ನೊಬ್ಬನ ಸಾಮಾನ್ಯ ಜ್ಞಾನವನ್ನೂ ಅಳೆದಂತಾಗಿತ್ತು.

ಅಂಕಪಟ್ಟಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಿರಿಯರ ಹಾಳೆಯಲ್ಲಿ ಪ್ಲಾಸ್ಟಿಕ್ ಬಗ್ಗೆ ಮಾತನಾಡಿದವನಿಗೆ 16, ಹಾಲಿನ ಸಂಘದವಳಿಗೆ 9 ಇತ್ತು. ಅವರು ಕೇಳಿದ ಪ್ರಶ್ನೆಗೆ ಇಬ್ಬರೂ ಉತ್ತರಿಸಿರಲಿಲ್ಲ. ಆದರೂ ನಿರರ್ಗಳ ಮಾತಿನ ಪ್ರಭಾವ ಒಬ್ಬನ ಮೌನವನ್ನು ಮುಚ್ಚಿತು, ತಡವರಿಕೆಯ ಪ್ರಭಾವ ಇನ್ನೊಬ್ಬಳ ಮೌನವನ್ನು ಹಿಗ್ಗಿಸಿತು. ಒಂದು ಗುಣದ ಬಗೆಗಿನ ಅಭಿಪ್ರಾಯ ಉಳಿದ ಗುಣಗಳ ಅಂಕಕ್ಕೂ ಹರಡುತ್ತದೆ ಎಂಬುದನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಸೇನಾಧಿಕಾರಿಗಳ ಮೌಲ್ಯಮಾಪನದಲ್ಲಿ ತೋರಿಸಿದ್ದರು. ಎಲ್ಲವನ್ನೂ ಒಟ್ಟಾಗಿಸಿ ಒಂದೇ ಅಂಕ ಕೊಡುವ ನಮ್ಮ ಪದ್ಧತಿಯಲ್ಲಿ ಅದನ್ನು ತಡೆಯುವ ಏರ್ಪಾಡೇ ಇರಲಿಲ್ಲ.

ಇಲಾಖೆಯೊಳಗಿನ ಭಿನ್ನಾಭಿಪ್ರಾಯ

ಹಿರಿಯ ಉಪನ್ಯಾಸಕರ ಆಕ್ಷೇಪ ತೂಕದ್ದಾಗಿತ್ತು. ‘ಪ್ರಶ್ನೆಯನ್ನು ಸರಳ ಮಾಡಿದರೆ ಮಟ್ಟ ಇಳಿಸಿದಂತೆ, ಮೇಡಂ. ನಾಳೆ ಸಂದರ್ಶನದಲ್ಲಿ ಯಾರು ಅವರಿಗಾಗಿ ಸರಳವಾಗಿ ಕೇಳುತ್ತಾರೆ?’ ಎಂದರು. ಅತಿಥಿ ಉಪನ್ಯಾಸಕಿಯ ಉತ್ತರ ಇದು: ಸರಳವಾಗಬೇಕಾದದ್ದು ಪ್ರಶ್ನೆಯ ಭಾಷೆ, ಪ್ರಶ್ನೆ ಬೇಡುವ ಯೋಚನೆಯಲ್ಲ. ಕಠಿಣ ಪದಗಳ ಪ್ರಶ್ನೆಗೆ ಎರಡು ಪದಗಳ ಉತ್ತರ ಸಾಕಾಗಬಹುದು, ಸರಳ ಪದಗಳ ಪ್ರಶ್ನೆ ಒಂದು ನಿಮಿಷದ ಮಾತನ್ನು ಹೊರಡಿಸಬಹುದು. ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗವನ್ನೂ ಅವರು ಮುಂದಿಟ್ಟರು. ಅಲ್ಲಿ ಅಭ್ಯರ್ಥಿಗೆ ತಯಾರಿಗೆ ಒಂದು ನಿಮಿಷ, ಒಬ್ಬರೇ ಮಾತನಾಡಲು ಒಂದರಿಂದ ಎರಡು ನಿಮಿಷ. ಅದರ ಬೆನ್ನಿಗೆ ಬರುವ ಚರ್ಚೆಗೆ ನಾಲ್ಕೈದು ನಿಮಿಷ. ಸಿದ್ಧಪಡಿಸಿದ ಮಾತಿಗಿಂತ ಪ್ರಶ್ನೋತ್ತರಕ್ಕೆ ಹೆಚ್ಚು ಹೊತ್ತು. ನಮ್ಮಲ್ಲಿ ಐದು ನಿಮಿಷ ಭಾಷಣ ಕೇಳಿ, ಒಂದು ನಿಮಿಷದಲ್ಲಿ ಪ್ರಶ್ನೆ ಮುಗಿಸುತ್ತಿದ್ದೆವು.

ಈ ಹೋಲಿಕೆಗೆ ಹಿರಿಯರು ಒಪ್ಪಿದರು. ಮಂಡನೆಯನ್ನು ಮೂರು ನಿಮಿಷಕ್ಕೆ ಇಳಿಸಿ, ಪ್ರಶ್ನೆಗಳಿಗೆ ನಾಲ್ಕು ನಿಮಿಷ ಕೊಡುವುದೆಂದಾಯಿತು. ಮೂವತ್ತಾರು ಮಂದಿಗೆ ಅಷ್ಟು ಸಮಯವೆಂದರೆ ಒಂದು ವಾರದ ಎಲ್ಲ ಅವಧಿಗಳೂ ಬೇಕು. ಆ ವಾರ ಪಠ್ಯವನ್ನು ಬದಿಗಿಡಲು ಪ್ರಾಂಶುಪಾಲರ ಅನುಮತಿ ಪಡೆದರು.

ಎರಡನೆಯ ಪ್ರಯತ್ನ: ಪ್ರಶ್ನೆಗಳ ಬದಲು ಅಚ್ಚುಗಳು

ಪಟ್ಟಿ ಇದ್ದರೆ ಉರು ಹೊಡೆಯುತ್ತಾರೆ. ಪಟ್ಟಿ ಇಲ್ಲದಿದ್ದರೆ ಪ್ರಶ್ನೆಗಳು ಒಬ್ಬರಿಗೊಂದು ತೂಕದವಾಗುತ್ತವೆ. ಎರಡರ ನಡುವಿನ ದಾರಿಯಾಗಿ ಮೂರು ಅಚ್ಚುಗಳನ್ನು ಮಾಡಿಕೊಂಡರು. ಎಲ್ಲರಿಗೂ ಅಚ್ಚು ಒಂದೇ, ಅದರೊಳಗೆ ತುಂಬುವುದು ವಿದ್ಯಾರ್ಥಿ ಆಗಷ್ಟೇ ಆಡಿದ ಮಾತು.

ಮೊದಲನೆಯದು ಬಿಡಿಸಿ ಹೇಳಿಸುವ ಪ್ರಶ್ನೆ. ‘ಯು ಸೆಡ್’ ಎಂದು ಶುರುಮಾಡಿ, ವಿದ್ಯಾರ್ಥಿಯ ಮಾತಿನಿಂದ ಒಂದು ತುಣುಕನ್ನು ಎತ್ತಿ, ಅದು ನಡೆದ ಒಂದು ಸಂದರ್ಭವನ್ನು ಹೇಳಿಸುವುದು. ಸ್ಪಷ್ಟತೆಯ ಪರೀಕ್ಷೆ ಇಲ್ಲಿ ಆಗುತ್ತದೆ. ತಾನು ಆಡಿದ ಪದದ ಹಿಂದೆ ಅರ್ಥವಿದ್ದವರು ಅದನ್ನು ಬೇರೆ ಮಾತಿನಲ್ಲಿ ಹೇಳಬಲ್ಲರು.

ಎರಡನೆಯದು ಮಾತಿನ ಕಟ್ಟಡವನ್ನು ಮುಟ್ಟುವ ಪ್ರಶ್ನೆ. ‘ನಿನಗೆ ಒಂದೇ ನಿಮಿಷ ಕೊಟ್ಟಿದ್ದರೆ ಯಾವ ಭಾಗವನ್ನು ಬಿಡುತ್ತಿದ್ದೆ, ಏಕೆ?’ ಅಥವಾ ‘ನೀನು ಹೇಳಿದ ಈ ಎರಡು ಕಾರಣಗಳಲ್ಲಿ ದೊಡ್ಡದು ಯಾವುದು?’ ನನಗೆ ಮೂರರಲ್ಲೂ ಅತ್ಯಂತ ಬೆಲೆಯುಳ್ಳದ್ದು ಇದೇ ಎನಿಸುತ್ತದೆ. ಜೋಡಣೆಯನ್ನು ನಾವು ಸಾಮಾನ್ಯವಾಗಿ ‘ಫಸ್ಟ್ಲಿ, ಸೆಕೆಂಡ್ಲಿ, ಫೈನಲಿ’ ಎಂಬ ಪದಗಳು ಬಂದವೋ ಇಲ್ಲವೋ ಎಂಬುದರ ಮೇಲೆ ಅಳೆಯುತ್ತೇವೆ. ಆ ಪದಗಳನ್ನು ಯಾರು ಬೇಕಾದರೂ ಅಂಟಿಸಬಹುದು. ಯಾವ ಭಾಗ ಯಾವುದಕ್ಕೆ ಆಧಾರ ಎಂದು ತಿಳಿದವರು ಮಾತ್ರ ಒಂದು ಭಾಗವನ್ನು ತೆಗೆದುಹಾಕಿ, ಉಳಿದದ್ದು ನಿಲ್ಲುತ್ತದೆಯೇ ಎಂದು ಹೇಳಬಲ್ಲರು.

ಮೂರನೆಯದು ಪರಿಸ್ಥಿತಿಯನ್ನು ತಿರುಗಿಸುವ ಪ್ರಶ್ನೆ. ‘ಸಪೋಸ್’ ಎಂದು ಶುರುವಾಗುತ್ತದೆ. ಮಳೆ ಬಾರದಿದ್ದರೆ, ಬೆಲೆ ಏರಿದರೆ, ನಿನ್ನ ಅಣ್ಣ ನಿನ್ನ ಮಾತನ್ನು ಒಪ್ಪದಿದ್ದರೆ ಏನು ಹೇಳುತ್ತೀಯ? ಎರಡು ರೂಪಾಯಿ ಹೆಚ್ಚಿನ ಬೆಲೆಯ ಪ್ರಶ್ನೆಯಿಂದ ಹುಟ್ಟಿದ ಅಚ್ಚು ಇದು.

ಕೇಳುವವರಿಗೂ ಕಟ್ಟುಪಾಡುಗಳಿದ್ದವು. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ. ‘ಮತ್ತು’ ಎಂದು ಇನ್ನೊಂದನ್ನು ಜೋಡಿಸುವಂತಿಲ್ಲ. ಸುಮಾರು ಹನ್ನೆರಡು ಪದಗಳ ಮಿತಿ. ವಿದ್ಯಾರ್ಥಿ ಬಳಸದ ಕಠಿಣ ಪದ ಪ್ರಶ್ನೆಯಲ್ಲಿ ಬರಬಾರದು. ಉತ್ತರ ಅವರ ಅನುಭವದೊಳಗೆ ಸಿಗುವಂತಿರಬೇಕು, ಪತ್ರಿಕೆ ಓದಿದವರಿಗೆ ಮಾತ್ರ ಸಿಗುವಂತಿರಬಾರದು. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲೇ ತರಗತಿಗಳ ಧ್ವನಿಮುದ್ರಣಗಳಿಂದ ಕಂಡುಕೊಂಡಿದ್ದರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳುವವರಿಗೆ ಇನ್ನೆರಡು ಸೆಕೆಂಡು ಕೊಡುವುದು ನ್ಯಾಯ ಎಂದು ಐದಕ್ಕೆ ನಿಲ್ಲಿಸಿದರು. ಆಚರಣೆಯಲ್ಲಿ ಅತ್ಯಂತ ಕಷ್ಟವಾದದ್ದು ಇದೇ. ಮೂರನೆಯ ಸೆಕೆಂಡಿಗೆ ಪರೀಕ್ಷಕರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

ಪ್ರಶ್ನೆ ಅರ್ಥವಾಗದಿದ್ದರೆ ವಿದ್ಯಾರ್ಥಿ ಇಂಗ್ಲಿಷಿನಲ್ಲೇ ಮತ್ತೊಮ್ಮೆ ಹೇಳಿ ಎಂದು ಕೇಳಬಹುದು, ಅದಕ್ಕೆ ಅಂಕ ಕಡಿತವಿಲ್ಲ. ಆಗ ಪರೀಕ್ಷಕರು ಅದೇ ವಾಕ್ಯವನ್ನು ಪುನರುಚ್ಚರಿಸದೆ ಬೇರೆ ಪದಗಳಲ್ಲಿ ಕೇಳಬೇಕು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಹೇಳಿ ಮಾತನ್ನು ಮುಂದುವರಿಸುವುದೂ ಮಾತುಗಾರಿಕೆಯ ಒಂದು ಅಂಗವೇ.

ಅಂಕಗಳನ್ನು ಸ್ಪಷ್ಟತೆಗೆ 6, ಜೋಡಣೆಗೆ 5, ಪ್ರಶ್ನೋತ್ತರಕ್ಕೆ 9 ಎಂದು ಬೇರ್ಪಡಿಸಿದರು. ಮೊದಲೆರಡನ್ನು ಮಾತು ಮುಗಿದ ಕೂಡಲೇ, ಪ್ರಶ್ನೆ ಶುರುವಾಗುವ ಮೊದಲೇ ಬರೆದು ಹಾಳೆಯನ್ನು ಮಗುಚಿಡಬೇಕು. ಸ್ಪಷ್ಟತೆಗೆ ಒಂದು ಸುಲಭ ಅಳತೆಗೋಲು ಸಿಕ್ಕಿತು: ಮಾತು ಮುಗಿದ ಮೇಲೆ ಕೇಳುಗರಲ್ಲಿ ಇಬ್ಬರು ವಿದ್ಯಾರ್ಥಿಗಳು ‘ಇವರು ಹೇಳಿದ್ದು ಇಷ್ಟು’ ಎಂದು ಒಂದೊಂದು ಸಾಲು ಬರೆದು ಕೊಡಬೇಕು. ಆ ಎರಡು ಸಾಲುಗಳು ಹೊಂದಿದರೆ ಮಾತು ಮುಟ್ಟಿದೆ ಎಂದರ್ಥ. ಪ್ರಶ್ನೋತ್ತರದಲ್ಲಿ ಪ್ರತಿ ಪ್ರಶ್ನೆಗೆ 3 ಅಂಕ. ಕೇಳಿದ್ದಕ್ಕೇ ಉತ್ತರಿಸಿ ತನ್ನದೊಂದು ಕಾರಣವನ್ನೋ ಉದಾಹರಣೆಯನ್ನೋ ಸೇರಿಸಿದರೆ 3, ಕೇಳಿದ್ದಕ್ಕೆ ಉತ್ತರಿಸಿ ನಿಲ್ಲಿಸಿದರೆ 2, ಪ್ರಶ್ನೆಯ ಸುತ್ತ ಸುತ್ತಿದರೆ ಅಥವಾ ಭಾಷಣದ ಸಾಲುಗಳನ್ನೇ ಮತ್ತೆ ಹೇಳಿದರೆ 1, ಉತ್ತರವೇ ಇಲ್ಲದಿದ್ದರೆ 0. ವ್ಯಾಕರಣ ತಪ್ಪು ಅರ್ಥವನ್ನು ಕೆಡಿಸಿದರೆ ಮಾತ್ರ ಲೆಕ್ಕಕ್ಕೆ.

ಇಬ್ಬರೂ ಎಲ್ಲ ಕೆಲಸವನ್ನೂ ಮಾಡಹೋದರೆ ಯಾವುದೂ ಆಗುವುದಿಲ್ಲ ಎಂದು ಮೊದಲ ದಿನವೇ ತಿಳಿಯಿತು. ಆದ್ದರಿಂದ ಒಬ್ಬರು ಅಂಕ ಬರೆಯುವುದು, ಇನ್ನೊಬ್ಬರು ವಿದ್ಯಾರ್ಥಿಯ ಬಾಯಿಂದ ಬಂದ ಮೂರು ತುಣುಕುಗಳನ್ನು ಹಾಗೆಯೇ ಬರೆದುಕೊಂಡು ಪ್ರಶ್ನೆ ಕಟ್ಟುವುದು, ಆರು ವಿದ್ಯಾರ್ಥಿಗಳಾದ ಮೇಲೆ ಪಾತ್ರ ಬದಲಿಸುವುದು ಎಂದಾಯಿತು.

ನಡೆದದ್ದು

ಎರಡನೆಯ ಸುತ್ತಿನಲ್ಲಿ ಹಳೆಯ ವಿಷಯವನ್ನೇ ಇಟ್ಟುಕೊಳ್ಳುವ ಅವಕಾಶವಿತ್ತು. ಪ್ಲಾಸ್ಟಿಕ್‌ನವನೂ ಹಾಲಿನವಳೂ ತಮ್ಮ ವಿಷಯ ಬಿಡಲಿಲ್ಲ.

ಹುಡುಗ ಮೂರು ನಿಮಿಷಕ್ಕೆ ಭಾಷಣವನ್ನು ಚುಟುಕಾಗಿಸಿಕೊಂಡು ಬಂದಿದ್ದ. ಸ್ಪಷ್ಟತೆಗೆ 5, ಜೋಡಣೆಗೆ 4 ಬಂತು. ಪ್ರಶ್ನೆಗಳು ಅವನ ಬೀದಿಯನ್ನು ದಾಟಿ ಹೋಗಲಿಲ್ಲ. ‘ಜನರು ಪ್ಲಾಸ್ಟಿಕ್ ಬಿಡಬೇಕು ಎಂದೆ. ನಿನ್ನ ಬೀದಿಯ ಅಂಗಡಿಯವರು ತರಕಾರಿಯನ್ನು ಯಾವುದರಲ್ಲಿ ಕೊಡುತ್ತಾರೆ?’ ಎಂದರೆ, ಪ್ಲಾಸ್ಟಿಕ್ ಮೌನ ಹಂತಕ ಎಂಬ ತನ್ನ ಸಾಲನ್ನು ಹೇಳಿದ. ಯಾವ ಭಾಗ ಬಿಡುತ್ತೀಯ ಎಂದಾಗ ಐದಲ್ಲ, ಹತ್ತು ಸೆಕೆಂಡು ಕಳೆದರೂ ಮಾತು ಹೊರಡಲಿಲ್ಲ. ಮೂರನೆಯದಕ್ಕೆ ಮತ್ತೆ ಭಾಷಣದ ಮುಕ್ತಾಯ ಬಂತು. ಪ್ರಶ್ನೋತ್ತರಕ್ಕೆ 2, ಒಟ್ಟು 11. ಬುದ್ಧಿವಂತ ಹುಡುಗನೇ. ಆದರೆ ಆ ಭಾಷಣದಲ್ಲಿ ಅವನದೆಂಬ ವಾಕ್ಯ ಒಂದೂ ಇರಲಿಲ್ಲವಾದ್ದರಿಂದ ಬಿಡಿಸಿ ಹೇಳಲು ಅವನ ಬಳಿ ಏನೂ ಉಳಿದಿರಲಿಲ್ಲ.

ಹುಡುಗಿಗೆ ಸ್ಪಷ್ಟತೆಗೆ 4, ಜೋಡಣೆಗೆ 2. ಮಾತು ಮತ್ತೆ ಅತ್ತಿತ್ತ ಅಲೆದಿತ್ತು, ಅದನ್ನು ಯಾರೂ ಕರುಣೆಯಿಂದ ಮುಚ್ಚಲಿಲ್ಲ. ಪ್ರಶ್ನೆಗಳಿಗೆ ಬಂದಾಗ ಚಿತ್ರವೇ ಬದಲಾಯಿತು. ಸಂಘದಲ್ಲಿ ಹಾಲು ಪರೀಕ್ಷಿಸುತ್ತಾರೆ ಎಂದೆಯಲ್ಲ, ಅಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ, ಮಾದರಿ ತೆಗೆಯುವುದು, ಯಂತ್ರ ಕೊಬ್ಬಿನಂಶ ತೋರಿಸುವುದು, ಅದರ ಮೇಲೆ ದರ ನಿಗದಿಯಾಗುವುದು, ನೀರು ಬೆರೆತಿದ್ದರೆ ಗೊತ್ತಾಗುವುದು, ಎಲ್ಲವನ್ನೂ ಕೈಸನ್ನೆಯ ಜೊತೆ ಹೇಳಿದಳು. ಯಾವ ಭಾಗ ಬಿಡುತ್ತೀಯ ಎಂದರೆ ‘ಫಾದರ್ ಪಾರ್ಟ್’ ಎಂದು ಹೇಳಿ ಅಲ್ಲಿಗೆ ನಿಲ್ಲಿಸಿದಳು. ಮಳೆ ಬಾರದಿದ್ದರೆ ಎಂದಾಗ ಬಂದ ಉತ್ತರವನ್ನು ನಾನು ಹಾಗೆಯೇ ಬರೆದುಕೊಂಡಿದ್ದೇನೆ: ‘ನೋ ರೇನ್, ನೋ ಗ್ರೀನ್ ಗ್ರಾಸ್. ವಿ ಬೈ ಫೀಡ್. ಫೀಡ್ ಮನಿ ಮೋರ್, ಮಿಲ್ಕ್ ಲೆಸ್. ಸೋ ಒನ್ ಕೌ ವಿ ಸೆಲ್.’ ಕಾರಣ, ಅದರ ಪರಿಣಾಮ, ಕೊನೆಗೆ ತೀರ್ಮಾನ, ಒಂದರ ಹಿಂದೊಂದು ಕ್ರಮವಾಗಿ. ಸಿದ್ಧಪಡಿಸಿದ ಮಾತಿನಲ್ಲಿ ಕಾಣದ ಜೋಡಣೆ ಸಿದ್ಧತೆಯಿಲ್ಲದ ಉತ್ತರದಲ್ಲಿ ಕಂಡಿತು. ಪ್ರಶ್ನೋತ್ತರಕ್ಕೆ 8, ಒಟ್ಟು 14.

ಹಿರಿಯ ಉಪನ್ಯಾಸಕರು ಆ ನಾಲ್ಕು ವಾಕ್ಯಗಳನ್ನು ಮರುದಿನ ಕರಿಹಲಗೆಯ ಮೇಲೆ ಬರೆಸಿದರು. ಅವುಗಳನ್ನೇ ಹಿಡಿದು ‘ಇಫ್’, ‘ಬಿಕಾಸ್’, ‘ದೇರ್‌ಫೋರ್’ ಎಂಬ ಜೋಡಣೆಗಳನ್ನು ತರಗತಿಗೆ ಕಲಿಸಿದರು. ಅವಳ ಸ್ವಂತ ಯೋಚನೆಗೆ ಬೇಕಾದ ಪದಗಳಾದ್ದರಿಂದ ಅವು ಅವಳಲ್ಲಿ ಉಳಿದವು. ಸೆಮಿಸ್ಟರ್ ಕೊನೆಯ ಸುತ್ತಿನಲ್ಲಿ ಅವಳು ಹಾಲಿನ ಕಥೆಯನ್ನು ಬೆಳಗ್ಗೆ ಹಾಲು ಕರೆಯುವುದರಿಂದ ಬ್ಯಾಂಕ್ ಖಾತೆಗೆ ಹಣ ಬರುವವರೆಗೆ ಒಂದೇ ದಾರಿಯಲ್ಲಿ ನಡೆಸಿದಳು. ಜೋಡಣೆಗೆ 4 ಬಂತು.

ಹುಡುಗನಿಗೆ ಬೇಸರವಾಗಿತ್ತು. 16ರಿಂದ 11ಕ್ಕೆ ಇಳಿದವನಿಗೆ ಆಗದೆ ಇರುತ್ತದೆಯೇ? ಅತಿಥಿ ಉಪನ್ಯಾಸಕಿ ಅವನ ಅಂಕದ ಹಾಳೆಯನ್ನು ಅವನ ಮುಂದಿಟ್ಟು, ಎಲ್ಲಿ ಉಳಿದಿದೆ, ಎಲ್ಲಿ ಹೋಗಿದೆ ಎಂದು ತೋರಿಸಿದರು. ಬೇರ್ಪಡಿಸಿದ ಅಂಕಗಳ ಉಪಯೋಗ ಇಲ್ಲಿ ಕಂಡಿತು: ನಿನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ, ಆ ಒಂದು ಕಾಲಂ ಖಾಲಿ ಇದೆ ಎನ್ನುತ್ತಿದ್ದರು. ಕೊನೆಯ ಸುತ್ತಿಗೆ ಅವನು ಭಾನುವಾರಗಳಂದು ತಾನು ಕೆಲಸ ಮಾಡುವ ಚಿಕ್ಕಪ್ಪನ ಬೈಕ್ ಗ್ಯಾರೇಜಿನ ಬಗ್ಗೆ ಮಾತನಾಡಿದ. ಹಳೆಯ ಠೀವಿ ಇರಲಿಲ್ಲ, ನಡುನಡುವೆ ಪದಕ್ಕಾಗಿ ತಡಕಾಡಿದ, ಸ್ಪಷ್ಟತೆ 5ರಿಂದ 4ಕ್ಕೆ ಇಳಿಯಿತು. ಪ್ರಶ್ನೋತ್ತರ 2ರಿಂದ 6ಕ್ಕೆ ಏರಿತು. ಚೈನ್ ಸಡಿಲವಾಗಿದೆ ಎಂದು ಗಿರಾಕಿಗೆ ಹೇಗೆ ವಿವರಿಸುತ್ತೀಯ ಎಂದಾಗ ಅವನು ಗಿರಾಕಿಯೇ ಎದುರಿಗಿದ್ದಂತೆ ಮಾತನಾಡಿದ.

ಮಿತಿಗಳು ಮತ್ತು ಬಗೆಹರಿಯದ್ದು

ಕೊನೆಯ ಸುತ್ತಿನ ಹೊತ್ತಿಗೆ ಅಚ್ಚುಗಳು ವಿದ್ಯಾರ್ಥಿಗಳಿಗೆ ತಿಳಿದಿದ್ದವು. ಯಾವ ಭಾಗ ಬಿಡುತ್ತೀಯ ಎಂಬುದಕ್ಕೆ ಹಲವರು ಉತ್ತರ ಸಿದ್ಧಪಡಿಸಿಕೊಂಡೇ ಬಂದರು. ಪಟ್ಟಿ ಮತ್ತೆ ಸೋರಿತೇ ಎಂಬ ಆತಂಕ ಹಿರಿಯರಿಗಿತ್ತು. ಆದರೆ ಈ ಸಿದ್ಧತೆ ಜೆರಾಕ್ಸ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಉತ್ತರ ಬೇಕಾದರೆ ತನ್ನ ಮಾತನ್ನೇ ಬಿಚ್ಚಿ ನೋಡಬೇಕು. ಹಾಗೆ ಬಿಚ್ಚಿ ನೋಡಿದವರ ಮಾತಿನ ಜೋಡಣೆಯೂ ಸುಧಾರಿಸಿತ್ತು. ಹಾಗಾಗಿ ಅಚ್ಚುಗಳನ್ನು ಮುಚ್ಚಿಡುವ ಬದಲು ಮುಂದಿನ ಸೆಮಿಸ್ಟರ್‌ನ ಮೊದಲ ದಿನವೇ ತರಗತಿಗೆ ಹೇಳುವುದೆಂದು ತೀರ್ಮಾನಿಸಿದರು.

ಈ ವಿಧಾನ ವಿಷಯದ ಆಯ್ಕೆಯ ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು. ವಿದ್ಯಾರ್ಥಿಗೆ ನೇರ ಪರಿಚಯವಿಲ್ಲದ ವಿಷಯ ಕೊಟ್ಟರೆ ಪ್ರಶ್ನೆ ಎಷ್ಟೇ ಸರಳವಾಗಿದ್ದರೂ ಉತ್ತರಕ್ಕೆ ನೆಲೆ ಇರುವುದಿಲ್ಲ. ಜಾಗತಿಕ ತಾಪಮಾನದ ಬಗ್ಗೆ ಮಾತನಾಡಬಾರದೆಂದಲ್ಲ. ತನ್ನೂರಿನ ಕೆರೆಯ ಮೂಲಕ ಅದಕ್ಕೆ ಬಂದವಳೊಬ್ಬಳು ಪ್ರಶ್ನೋತ್ತರದಲ್ಲಿ 7 ಪಡೆದಳು.

ಮಾತು ಉಗ್ಗುವ ವಿದ್ಯಾರ್ಥಿಯೊಬ್ಬನಿದ್ದ. ವೇಗವನ್ನು ಎಲ್ಲಿಯೂ ಅಂಕಕ್ಕೆ ಹಿಡಿಯದ್ದರಿಂದ, ಮತ್ತು ಅವನಿಗೆ ಸಮಯದ ಮಿತಿಯನ್ನೇ ಸಡಿಲಿಸಿದ್ದರಿಂದ ಅವನ ಉತ್ತರಗಳು ಪೂರ್ತಿಯಾಗಿ ಹೊರಬಂದವು. ಅವನ ವಾಕ್ಯವನ್ನು ಬೇರೆ ಯಾರೂ ಪೂರ್ಣಗೊಳಿಸಬಾರದು ಎಂದು ತರಗತಿಗೆ ಮುಂಚಿತವಾಗಿ ತಿಳಿಸಿದ್ದು ಒಳ್ಳೆಯದಾಯಿತು.

ಬಗೆಹರಿಯದೆ ಉಳಿದದ್ದು ಇನ್ನೊಬ್ಬಳ ಪ್ರಕರಣ. ಮಂಡನೆಯನ್ನು ತಕ್ಕಮಟ್ಟಿಗೆ ಮುಗಿಸಿದ ಅವಳು ಯಾವ ಸುತ್ತಿನಲ್ಲೂ ಒಂದು ಪ್ರಶ್ನೆಗೂ ಉತ್ತರಿಸಲಿಲ್ಲ. ಪ್ರಶ್ನೆ ಅರ್ಥವಾಗಲಿಲ್ಲವೇ, ಉತ್ತರ ಹೊಳೆಯಲಿಲ್ಲವೇ, ಇಂಗ್ಲಿಷ್ ಸಿಗಲಿಲ್ಲವೇ, ಭಯವೇ? ಹೊರಗಿನಿಂದ ನಾಲ್ಕೂ ಒಂದೇ ಮೌನವಾಗಿ ಕಾಣುತ್ತವೆ. ಕೊನೆಯ ಸುತ್ತಿನಲ್ಲಿ ಅತಿಥಿ ಉಪನ್ಯಾಸಕಿ ಅಂಕ ಬರೆದಾದ ಮೇಲೆ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರಿಸಲು ಹೇಳಿದರು. ಅವಳು ಚೆನ್ನಾಗಿಯೇ ಉತ್ತರಿಸಿದಳು. ಹೊಳೆಯದಿರುವುದು ಕಾರಣವಲ್ಲ ಎಂದಷ್ಟೇ ಇದರಿಂದ ತಿಳಿಯಿತು. ಇಂಗ್ಲಿಷ್ ಪರೀಕ್ಷೆಯಲ್ಲಿ ಕನ್ನಡ ತರುವುದು ಸರಿಯೇ ಎಂದು ಹಿರಿಯರು ಕೇಳಿದರು. ಅಂಕಕ್ಕೆ ಅಲ್ಲ, ಮುಂದೆ ಏನು ಕಲಿಸಬೇಕೆಂದು ತಿಳಿಯಲು ಎಂದು ಅತಿಥಿ ಉಪನ್ಯಾಸಕಿ ವಾದಿಸಿದರು. ನಾನು ಅವರ ಪಕ್ಷ. ಅವಳ ಪ್ರಶ್ನೋತ್ತರದ ಕಾಲಮ್ಮಿನಲ್ಲಿ 0 ಇದೆ. ಮುಂದಿನ ಸೆಮಿಸ್ಟರ್‌ನಲ್ಲಿ ಅವಳಿಗೆ ಪ್ರಶ್ನೆಗಳನ್ನು ಇಡೀ ತರಗತಿಯ ಮುಂದೆ ಕೇಳದೆ, ಮೊದಲು ಒಬ್ಬ ಗೆಳತಿಯ ಎದುರು ಕೇಳಿ ನೋಡುವುದೆಂದು ಇಲಾಖೆಯ ಟಿಪ್ಪಣಿ ಪುಸ್ತಕದಲ್ಲಿ ದಾಖಲಾಗಿದೆ.